ಭಾಮಿನಿಯ ಸಾಲಿನಲ್ಲಿ ಹೆಚ್ಚಾದ ಒಂದು ಮಾತ್ರೆ

ಹದಿನೈದು ಬಂತು. ಬರಬೇಕಾದದ್ದು ಹದಿನಾಲ್ಕು. ಬೆರಳು ಮಡಚಿ ಮತ್ತೆ ಎಣಿಸಿದೆ. ಆಗಲೂ ಹದಿನೈದೇ.

ಅದು ಭಾನುವಾರದ ಬೆಳಿಗ್ಗೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮುಂದೆ ಡ್ರಾಯಿಂಗ್ ಹಾಳೆ ಹರಡಿಕೊಂಡು ಕೂತಿದ್ದೆ. ಫೋನಿನಲ್ಲಿ ನಮ್ಮ ಸರ್ ದನಿಯ ರೆಕಾರ್ಡಿಂಗ್. ಹಿಂದಿನ ವಾರ ನ್ಯಾಮತಿಯ ಕಾಲೇಜೊಂದರಲ್ಲಿ ಅವರು ಛಂದಸ್ಸಿನ ಮೇಲೆ ಎರಡು ಗಂಟೆ ಮಾತಾಡಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಕಡೆಯಿಂದ ಬಿ.ಎ. ಮಕ್ಕಳು ಬಂದಿದ್ದರು. ಆ ಪಾಠವನ್ನು ಒಂದು ಗೋಡೆ ಚಾರ್ಟ್ ಮಾಡಿ ನಾಲ್ಕು ಕಾಲೇಜಿಗೂ ಕೊಡುವುದು ಎಂದು ಅಲ್ಲೇ ತೀರ್ಮಾನವಾಯಿತು. ಕೆಲಸ ನನ್ನ ಪಾಲಿಗೆ ಬಂತು. ಬಂತು ಅನ್ನುವುದಕ್ಕಿಂತ ನಾನೇ ಕೇಳಿ ತೆಗೆದುಕೊಂಡೆ. ಕೆಳಗೆ ಸಣ್ಣದಾಗಿ 'ಸಿದ್ಧಪಡಿಸಿದವರು' ಎಂದು ನನ್ನ ಹೆಸರು ಇರುತ್ತದೆ ಎಂದಿದ್ದರು.

ಹೆಸರಿನ ಆಸೆ ಯಾಕೆ ಎಂದು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅಪ್ಪ ಇನ್ನೊಬ್ಬರ ಟ್ರ್ಯಾಕ್ಟರ್ ಓಡಿಸುತ್ತಿದ್ದ, ಅವ್ವ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಬಿ.ಎ. ಎರಡನೇ ವರ್ಷದಲ್ಲಿ ಇದೇ ಸರ್ ನಮಗೆ ಭಾಮಿನಿ ಷಟ್ಪದಿ ಪಾಠ ಮಾಡಿ, "ನಿಮ್ಮೂರಿನ ಮೇಲೆ ಒಂದ್ ಸಾಲು ಕಟ್ರಿ, ನೋಡನ" ಎಂದಿದ್ದರು. ಕ್ಲಾಸಿನಲ್ಲಿ ಎದ್ದು ನಿಂತದ್ದು ನಾನೊಬ್ಬಳೇ. ಹೊನ್ನಾಳಿಯ ನಮ್ಮ ಹೊಳೆಯ ಮೇಲೆ ಒಂದು ಸಾಲು ಹೇಳಿದೆ. ಅವರು ಮೇಜಿನ ಮೇಲೆ ಬೆರಳ ಗೆಣ್ಣು ಬಡಿಯುತ್ತ ಎಣಿಸಿ, "ಹದಿನಾಲ್ಕು. ಸರಿ ಐತೆ. ಕೂತ್ಕ" ಎಂದರು. ನನ್ನ ನೋಟ್‌ಬುಕ್ಕಿನಲ್ಲಿ ಆ ಸಾಲಿನ ಪಕ್ಕ ಕೆಂಪು ಇಂಕಿನಲ್ಲಿ '೧೪, ಸರಿ' ಎಂದು ಬರೆದುಕೊಟ್ಟರು. ನಾನು ಕನ್ನಡ ಎಂ.ಎ. ಮಾಡಿದ್ದು, ಈಗ ಹೊನ್ನಾಳಿಯಲ್ಲಿ ಅತಿಥಿ ಉಪನ್ಯಾಸಕಿಯಾಗಿ ನಿಂತಿರುವುದು, ಎಲ್ಲ ಆ ಕೆಂಪು ಇಂಕಿನಿಂದ. ಮಾತ್ರೆ ಎಣಿಸುವುದರಲ್ಲಿ ನನ್ನದು ತಪ್ಪುವುದಿಲ್ಲ ಎಂಬ ಜಂಬವೂ ಅಲ್ಲಿಂದಲೇ ಬಂದದ್ದು.

ನ್ಯಾಮತಿಯಲ್ಲೂ ಸರ್ ಅದೇ ಮಾಡಿದ್ದರು. ಪಠ್ಯದ ಸಾಲು ಬೇಡ, ನಿಮ್ಮ ಬಾಯಿಂದ ಬರಲಿ ಎಂದು ಮಕ್ಕಳಿಂದಲೇ ಉದಾಹರಣೆ ಕಟ್ಟಿಸಿದ್ದರು. ಬೋರ್ಡಿನ ಫೋಟೊ ನನ್ನ ಹತ್ತಿರ ಇತ್ತು. ಚನ್ನಗಿರಿಯ ಹುಡುಗನೊಬ್ಬ ಮಂದಾನಿಲ ರಗಳೆಗೆ ಕೊಟ್ಟ ಸಾಲು:

ಕೋಟೆಯ | ಮೇಲಕೆ | ಹತ್ತಿದ | ಮೋಡವು

ನಾಲ್ಕು ಮಾತ್ರೆಯ ನಾಲ್ಕು ಗಣ. ದೀರ್ಘಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ ಗುರು, ಎರಡು ಮಾತ್ರೆ, ಅಡ್ಡಗೆರೆ. ಉಳಿದದ್ದು ಲಘು, ಒಂದು ಮಾತ್ರೆ, ಬಟ್ಟಲಿನಂಥ U. ಸಾಲಿನ ಮೇಲೆ –UU | –UU | –UU | –UU ಎಂದು ಹಾಕಿದೆ. ಹದಿನಾರು. ಚೊಕ್ಕ.

ನ್ಯಾಮತಿಯ ಹುಡುಗಿ ವಾರ್ಧಕ ಷಟ್ಪದಿಗೆ ಕೊಟ್ಟದ್ದು ಕೇಳಿ ಇಡೀ ಹಾಲ್ ನಕ್ಕಿತ್ತು:

ಬಸ್ಸಿನಲಿ | ಸೀಟಿಗೆಂ|ದಿಟ್ಟವಳ | ಕರವಸ್ತ್ರ

–UUU | –U– | –UUU | UU–U. ಐದರ ನಾಲ್ಕು ಗಣ, ಇಪ್ಪತ್ತು. ಮಾತು ಮುಗಿಯುವ ಕಡೆಯೇ ಗಣ ಮುಗಿಯಬೇಕಿಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಲು ಬೇಕಿರಲಿಲ್ಲ.

ಆಮೇಲೆ ಭಾಮಿನಿ. ಆರು ಸಾಲಿನ ಪದ್ಯದಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ಗಣಗಳು, ಒಟ್ಟು ಹದಿನಾಲ್ಕು. ಮೂರನೆಯ, ಆರನೆಯ ಸಾಲುಗಳಲ್ಲಿ ಮೂರು-ನಾಲ್ಕು ಮೂರು ಸಲ ಬಂದು ಕೊನೆಗೆ ಒಂದು ಗುರು, ಒಟ್ಟು ಇಪ್ಪತ್ತಮೂರು. ಇದನ್ನೆಲ್ಲ ಪಟ್ಟಿಯಲ್ಲಿ ಬರೆದು, ಚಿಕ್ಕ ಸಾಲಿನ ಉದಾಹರಣೆಗೆ ಬಂದೆ. ಜಗಳೂರಿನ ಹುಡುಗಿಯೊಬ್ಬಳು ಹೇಳಿದ ಸಾಲು. ಅವರ ಕಡೆಯ ಕುರುಚಲು ಕಾಡಿನಲ್ಲಿ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಪುಟ್ಟ ಪ್ರಾಣಿ ಇದೆ. ಅದರ ಮೇಲೆ:

ಕೊಂಡು | ಕುರಿಗಳು | ಬಂದವು | ನಿಂತವು

–U | UUUU | –UU | –UU. ಮೂರು, ನಾಲ್ಕು, ನಾಲ್ಕು, ನಾಲ್ಕು. ಮೂರನೆಯ ಗಣದಲ್ಲಿ ಒಂದು ಹೆಚ್ಚು.

ಹುಡುಗಿ ತಪ್ಪಿದ್ದರೆ ಅದೇನು ದೊಡ್ಡ ವಿಷಯವಲ್ಲ. ಆದರೆ ಸರ್ ಅದನ್ನು ಎಣಿಸಿದ್ದರು. ಲಘುವಿಗೆ ಒಂದು ಬಡಿತ, ಗುರುವಿಗೆ ಎರಡು, ಎರಡನೆಯದು ಮೆತ್ತಗೆ, ಗಣ ಮುಗಿದಾಗ ಒಂದು ಉಸಿರಿನಷ್ಟು ನಿಲುಗಡೆ. ರೆಕಾರ್ಡಿಂಗಿನಲ್ಲಿ ಆ ಬಡಿತಗಳು ಸ್ಪಷ್ಟವಾಗಿದ್ದವು. ಮೂರು. ನಾಲ್ಕು. ಮೂರು. ನಾಲ್ಕು. "ಹದಿನಾಲ್ಕು. ಸರಿ ಐತೆ. ಕೂತ್ಕಮ್ಮ."

ಹಿಂದಕ್ಕೆ ತಳ್ಳಿ ಏಳೆಂಟು ಸಲ ಕೇಳಿದೆ. 'ಬಂದವು' ಎಂದು ಮೂರೂ ಅಕ್ಷರ ಬಿಡಿಸಿ ಹೇಳುತ್ತಾರೆ. ಬೆರಳು ಮಾತ್ರ ಮೂರೇ ಸಲ ಬಡಿಯುತ್ತದೆ. ನನ್ನ ಕಿವಿ ಕೆಟ್ಟಿದೆಯೋ, ಬುದ್ಧಿ ಕೆಟ್ಟಿದೆಯೋ ತಿಳಿಯಲಿಲ್ಲ. ಸರ್ ತಪ್ಪಿರಬಹುದು ಎಂಬ ಯೋಚನೆ ಮಾತ್ರ ಬರಲಿಲ್ಲ. ಬಂದರೂ ಒಳಗೆ ಬಿಟ್ಟುಕೊಳ್ಳಲಿಲ್ಲ.

ಸೋಮವಾರ ಸ್ಟಾಫ್ ರೂಮಿನಲ್ಲಿ ನಮ್ಮ ಕನ್ನಡ ವಿಭಾಗದ ಇನ್ನೊಬ್ಬ ಉಪನ್ಯಾಸಕರಿಗೆ ಹಾಳೆ ತೋರಿಸಿದೆ. ಅವರು ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ ಎಣಿಸಿದರು.

"ಹದಿನೈದೇ ಐತಲ್ರೀ ಮೇಡಂ."

"ಸರ್ ಹದಿನಾಲ್ಕು ಅಂದಾರೆ."

"ಆ ಕಡೆಯೋರು ಬಂದ್ವು ಅಂತಾರೆ. ಹಂಗೆ ಅಂದ್ಕಂಡು ಎಣಿಸಿರ್ಬೇಕು."

"ಹಂಗಂದ್ರೆ ನಿಂತವು ಅನ್ನೋದು ನಿಂತ್ವು ಆಗ್ಬೇಕಲ್ಲ. ಅಲ್ಲಿ ಒಂದು ಕಮ್ಮಿ ಬೀಳ್ತದೆ. ಅಷ್ಟಕ್ಕೂ ಸರ್ ಬಂದವು ಅಂತ ಬಿಡಿಸೇ ಹೇಳ್ಯಾರೆ, ನೀವೇ ಕೇಳ್ರಿ."

ಕೇಳಿದರು. ಮುಚ್ಚಳ ಮುಚ್ಚಿದರು. "ನೀವು ಹಿಂಗೆ ತಲೆ ಕೆಡಿಸ್ಕಂಡ್ರೆ ಚಾರ್ಟು ಮುಂದಿನ ವರ್ಷಕ್ಕೆ ಆಗ್ತತೆ. ಬಂದವು ತೆಗೆದು ಬಂದು ಅಂತ ಹಾಕ್ರಿ. ಬಂದು ನಿಂತವು. ಮೂರು, ನಾಲ್ಕು. ಮುಗೀತು."

ಮುಗಿಯುತ್ತಿತ್ತು. ಆದರೆ ಹುಡುಗಿಯನ್ನು ಕೇಳದೆ ಅವಳ ಸಾಲಿಗೆ ಕೈ ಹಾಕುವುದು ಹೇಗೆ ಎಂದು ಮಧ್ಯಾಹ್ನ ಫೋನ್ ಮಾಡಿದೆ. ನಾನು ಬಾಯಿ ತೆಗೆಯುವ ಮೊದಲೇ ಅವಳು ಶುರು ಮಾಡಿದಳು.

"ಮೇಡಂ, ಚಾರ್ಟ್ ಆತಾ? ನಮ್ಮಪ್ಪ ದಿನಾ ಕೇಳ್ತತೆ. ಬೋರ್ಡಿಂದು ಫೋಟೊ ಸ್ಟೇಟಸ್ ಹಾಕ್ಕಂಡೈತೆ. ಓದಾಕೆ ಬರಲ್ಲ ಅದಕ್ಕೆ, ಆದ್ರೂ ಇದು ನನ್ ಮಗಳ ಸಾಲು ಅಂತ ಎಲ್ಲರಿಗೂ ತೋರಿಸ್ತತೆ."

"ಆಗ್ತಾ ಐತಮ್ಮ. ನಿನ್ ಸಾಲು ಒಂದ್ಸಲ ಹೇಳು."

ಹೇಳಿದಳು. ಬಂದವು ಎಂದೇ ಹೇಳಿದಳು.

"ಬಂದು ನಿಂತವು ಅಂದ್ರೆ ಹೆಂಗೆ?" ಎಂದೆ, ಸುಮ್ಮನೆ ಕೇಳುವವಳ ಹಾಗೆ.

"ಅದು ಬ್ಯಾರೆ ಆಗ್ತತೆ ಮೇಡಂ. ಬಂದು ನಿಂತವು ಅಂದ್ರೆ ಬಸ್ ಬಂದು ನಿಂತಂಗೆ. ಅವು ಹಂಗೆ ಬರಲ್ಲ. ಬಂದವು. ನಮ್ಮನ್ನ ನೋಡಿದ್ವು. ಆಮೇಲೆ ನಿಂತವು." ಅಷ್ಟು ಹೇಳಿ, "ಯಾಕ್ ಮೇಡಂ? ಸರ್ ಎಣಿಸಿದ್ರಲ್ಲ, ಹದಿನಾಲ್ಕು ಬಂತಲ್ಲ. ನಾನು ಎಸ್ಸೆಸ್ಸೆಲ್ಸಿ ಗಣಿತದಾಗೆ ಎರಡು ಸಲ ಫೇಲ್. ಎಣಿಸಿದ್ದು ಸರಿ ಬಂದಿದ್ದು ಇದೇ ಮೊದಲು" ಎಂದು ನಕ್ಕಳು.

"ಏನಿಲ್ಲ, ಹಿಂಗೇ ಕೇಳಿದೆ" ಎಂದು ಫೋನ್ ಇಟ್ಟೆ.

ಡಿ.ಟಿ.ಪಿ. ಅಂಗಡಿಯವನು ಬೇರೆ ಅವಸರ ಮಾಡುತ್ತಿದ್ದ. ಮೊದಲ ಪ್ರಿಂಟ್ ನೋಡಿದರೆ ಮೋಡದ 'ಮೋ' ಮೇಲೆ ಇರಬೇಕಾದ ಗುರು ಪಕ್ಕದ ಅಕ್ಷರದ ಮೇಲೆ ಕೂತಿತ್ತು. ಕರವಸ್ತ್ರದ ಮೇಲಿನ ಗುರುತುಗಳು ಸಾಲನ್ನೇ ದಾಟಿ ಹೊರಗೆ ಹೋಗಿದ್ದವು.

"ಸ್ಪೇಸ್ ಕೊಟ್ಟು ಸರಿ ಮಾಡಿದ್ದೆ ಮೇಡಂ. ಅಕ್ಷರ ದೊಡ್ಡದು ಮಾಡಿದ ಕೂಡ್ಲೇ ಜಾರ್ತವೆ."

"ಸ್ಪೇಸ್ ಬ್ಯಾಡ. ಟೇಬಲ್ ಹಾಕಪ್ಪ. ಕೆಳಗಿನ ಮನೇಲಿ ಅಕ್ಷರ, ಮೇಲಿನ ಮನೇಲಿ ಅದರ ಗುರುತು. ಒಂದೊಂದಕ್ಕೂ ಬ್ಯಾರೆ ಬ್ಯಾರೆ ಮನೆ. ಗಣ ಮುಗಿಯೋ ಕಡೆ ದಪ್ಪ ಗೆರೆ."

ಅವನು ಹಾಗೇ ಮಾಡಿದ. ಪರದೆಯ ಮೇಲೆ ಸಾಲುಗಳು ಚೌಕಚೌಕವಾಗಿ ಕೂತವು. ಭಾಮಿನಿಗೆ ಬಂದಾಗ ಅವನೇ ನಿಂತ. ಕೊಂಡುಕುರಿಯ ಸಾಲಿನ ಮೇಲೆ ನಾನು ಗುರುತು ಹಾಕಿಕೊಟ್ಟಿರಲಿಲ್ಲ, 'ಬಂದವು' ಪಕ್ಕ ಪೆನ್ಸಿಲ್ಲಿನಲ್ಲಿ 'ಬಂದು?' ಎಂದಷ್ಟೇ ಬರೆದಿದ್ದೆ.

"ಇದಕ್ಕೆ ಏನ್ ಹಾಕ್ಲಿ?"

"ಖಾಲಿ ಬಿಡು."

"ಮೂರನೇ ಗಣಕ್ಕೆ ಎಷ್ಟು ಮನೆ ಮಾಡ್ಲಿ ಮೇಡಂ, ಎರಡಾ ಮೂರಾ?"

ಅದೇ ಪ್ರಶ್ನೆ. ಛಂದಸ್ಸು ಗೊತ್ತಿಲ್ಲದವನು ನೇರವಾಗಿ ಅಲ್ಲೇ ಬೆರಳಿಟ್ಟಿದ್ದ. "ನಾಳೆ ಹೇಳ್ತೀನಿ" ಎಂದು ಎದ್ದು ಬಂದೆ.

ಮಾರನೆಯ ದಿನ ಸರ್ ಮನೆಗೆ ಹೊರಟೆ. ನಿವೃತ್ತಿಯಾದ ಮೇಲೆ ಅವರು ಬಸವಾಪಟ್ಟಣದಲ್ಲಿದ್ದಾರೆ. ಚೀಲದಲ್ಲಿ ಚಾರ್ಟಿನ ಪ್ರಿಂಟು, ಜೊತೆಗೆ ನನ್ನ ಹಳೆಯ ನೋಟ್‌ಬುಕ್. ಬೇರೆ ಮೂರು ತಾಲ್ಲೂಕಿನದೂ ಒಂದೊಂದು ಸಾಲಿದೆ, ಹೊನ್ನಾಳಿಯದಿಲ್ಲ. ನನ್ನದನ್ನೇ ಭಾಮಿನಿಗೆ ಎರಡನೆಯ ಉದಾಹರಣೆ ಮಾಡೋಣ ಎಂಬ ಆಸೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ನೋಟ್‌ಬುಕ್ ತೆಗೆದು ಪೆನ್ಸಿಲ್ಲಿನಲ್ಲಿ ಗುರುತು ಹಾಕತೊಡಗಿದೆ. ಇಷ್ಟು ವರ್ಷದಲ್ಲಿ ಆ ಸಾಲಿಗೆ ನಾನು ಗುರುತು ಹಾಕಿರಲೇ ಇಲ್ಲ. ಕೆಂಪು ಇಂಕು ಇರುವಾಗ ಯಾರು ಹಾಕುತ್ತಾರೆ?

ಹೊಳೆಯ | ನೀರು | ತುಂಬಿ | ಹರಿಯಿತು

UUU | –U | –U | UUUU. ಮೂರು, ಮೂರು, ಮೂರು, ನಾಲ್ಕು.

ಹದಿಮೂರು.

ಬಸ್ಸು ಕುಲುಕಿದ್ದಕ್ಕೆ ಎಣಿಕೆ ತಪ್ಪಿರಬೇಕು ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಾಗ ಎಣಿಸಿದೆ. ಹದಿಮೂರು. ಸಾಲಿನ ಕೊನೆಯ ಲಘುವನ್ನು ಕೆಲವು ಕಡೆ ಗುರು ಎಂದು ಹಿಡಿಯುವುದುಂಟು, ಅದನ್ನೂ ಮಾಡಿ ನೋಡಿದೆ. ಒಟ್ಟು ಹದಿನಾಲ್ಕಾಯಿತು, ಆದರೆ ಕೊನೆಯ ಗಣ ಐದಾಯಿತು, ಎರಡನೆಯದು ಮೂರೇ ಉಳಿಯಿತು. ತುದಿಯಲ್ಲಿ ತೇಪೆ ಹಾಕಿದರೆ ನಡುವಿನ ತೂತು ಮುಚ್ಚುವುದಿಲ್ಲ. ಅದನ್ನು ನಾನೇ ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ.

ಜಗಳೂರಿನ ಹುಡುಗಿಯದು ಒಂದು ಹೆಚ್ಚು, ನನ್ನದು ಒಂದು ಕಮ್ಮಿ. ಎರಡೂ ಸೇರಿದರೆ ಇಪ್ಪತ್ತೆಂಟು, ಲೆಕ್ಕ ಸರಿ. ಪಕ್ಕದ ಸೀಟಿನ ಅಜ್ಜಿ ನನ್ನ ಮುಖ ನೋಡಿ, "ಯಾಕವ್ವ, ಫೇಲಾಗಿಯೇನು?" ಎಂದು ಕೇಳಿದಳು. ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿದೆ.

ಸರ್ ಜಗುಲಿಯ ಮೇಲೆ ಮಂಡಿಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂತಿದ್ದರು. ಚಾರ್ಟ್ ಹರಡಿದೆ. ಮನೆಮನೆಯಾಗಿ ಕೂತ ಗುರುತುಗಳನ್ನು ನೋಡಿ ಖುಷಿಪಟ್ಟರು. "ಚೌಕಾಬಾರ ಆಡ್ಬೋದು ಇದ್ರಾಗೆ" ಎಂದರು. ಆಮೇಲೆ ಖಾಲಿ ಜಾಗದ ಮೇಲೆ ಬೆರಳಿಟ್ಟು, "ಇದ್ಯಾಕೆ ಹಿಂಗೆ ಬಿಟ್ಟಿ?"

"ನೀವೇ ಒಂದ್ಸಲ ಎಣಿಸ್ರಿ ಸರ್."

ಜಗುಲಿಯ ಕಲ್ಲಿನ ಮೇಲೆ ಬಡಿದರು. ಕೊಂಡು, ಮೂರು. ಕುರಿಗಳು, ನಾಲ್ಕು. ಬಂದವು, ಮೂರು. ನಿಂತವು, ನಾಲ್ಕು. ನನ್ನ ಕಣ್ಣ ಮುಂದೆಯೇ. "ಹದಿನಾಲ್ಕು. ಸರಿ ಐತಲ್ಲ."

ನಾನು ನೋಟ್‌ಬುಕ್ ತೆಗೆದು ಮುಂದಿಟ್ಟೆ. ಕೆಂಪು ಅಕ್ಷರ ನೋಡಿ, "ನಂದೇ ಬರವಣಿಗೆ" ಎಂದರು. ಆ ಸಾಲನ್ನೂ ಬಡಿದರು. ನೀರು ಎಂಬಲ್ಲಿ ದನಿ ಸ್ವಲ್ಪ ಎಳೆಯಿತು, ಬೆರಳು ನಾಲ್ಕು ಸಲ ಬಿತ್ತು. "ಹದಿನಾಲ್ಕು."

"ಸರ್, ಅಕ್ಷರ ಹಿಡಿದು ಎಣಿಸಿದ್ರೆ ನಂದು ಹದಿಮೂರು. ಆ ಹುಡುಗೀದು ಹದಿನೈದು."

ಒಳಗಿನಿಂದ ಅವರ ಮನೆಯವರು ಚಹಾ ತಂದಿಡುತ್ತ, "ಇವರಿಗೆ ಎಲ್ಲರ್ದೂ ಹದಿನಾಲ್ಕೇ. ನನ್ನ ಮಾತು ಒಂದೇ ಉದ್ದ ಇವರಿಗೆ" ಎಂದರು.

"ಬೇಕಂತಲೇ ಮಾಡಿದ್ರಾ ಸರ್?" ಎಂದು ಕೇಳಿಬಿಟ್ಟೆ. ನನ್ನ ದನಿ ಗಟ್ಟಿಯಾಗಿತ್ತು ಎಂದು ಆಮೇಲೆ ಗೊತ್ತಾಯಿತು. "ನಾನು ಅದನ್ನ ನಂಬಿ ಎಂ.ಎ. ಮಾಡಿದೆ."

"ಎಂ.ಎ. ಪಾಸಾದ್ಯಲ್ಲ."

"ಅದಲ್ಲ ಸರ್."

ಚಹಾ ಸಾಸರಿಗೆ ಸುರಿದುಕೊಂಡು ಕುಡಿದರು. "ಎದ್ದು ನಿಂತು ಹೇಳ್ತಿರ್ತಾರೆ. ಎಷ್ಟೋ ಮಂದಿಗೆ ಅದೇ ಮೊದಲ್ನೇ ಸಲ. ಅವರ ಬಾಯಾಗೆ ಹೆಂಗೆ ಬರ್ತತೋ ಹಂಗೆ ನನ್ನ ಬೆರಳು ಹೋಗ್ತತೆ. ಬೇಕಂತ ಮಾಡಿದ್ನೋ, ಹಂಗೇ ಬಂತೋ, ಈಗ ನೀನು ಕೇಳಿದ್ರೆ ನಂಗೂ ಗೊತ್ತಾಗಲ್ಲ ಕಣಮ್ಮ." ಸಾಸರ್ ಕೆಳಗಿಟ್ಟು ಚಾರ್ಟನ್ನು ನನ್ನ ಕಡೆ ತಳ್ಳಿದರು. "ಇದ್ರಾಗೆ ಮಾತ್ರ ಸರಿ ಇರೋದು ಹಾಕು. ಗೋಡೆ ಮೇಲಿರೋದಕ್ಕೆ ಯಾರಿಗೂ ಒಂದು ಬಡಿತ ಹೆಚ್ಚು ಕೊಡಾಕೆ ಬರಲ್ಲ."

ಇಷ್ಟು ಹೇಳಿದರೆ ಒಬ್ಬ ಮನುಷ್ಯನಿಗೆ ಸಮಾಧಾನ ಆಗಬೇಕು. ನನಗೆ ಆಗಲಿಲ್ಲ. ಅವರಿಗೆ ತಾಳ ತಪ್ಪುತ್ತಿತ್ತೇ, ಅಥವಾ ಅಂದು ಕ್ಲಾಸಿನಲ್ಲಿ ಎದ್ದು ನಿಂತ ಟ್ರ್ಯಾಕ್ಟರ್ ಡ್ರೈವರನ ಮಗಳನ್ನು ತಪ್ಪು ಎಂದು ಕೂರಿಸುವುದಕ್ಕೆ ಮನಸ್ಸು ಬರಲಿಲ್ಲವೇ? ಮೊದಲನೆಯದಾದರೆ ನನ್ನ ಗುರುವಿಗೆ ಎಣಿಕೆ ಬರುತ್ತಿರಲಿಲ್ಲ. ಎರಡನೆಯದಾದರೆ ನನಗೆ ಬರುತ್ತಿರಲಿಲ್ಲ. ಯಾವುದು ನಿಜವಾಗಲಿ ಎಂದು ಬೇಡಿಕೊಳ್ಳಬೇಕೋ ಗೊತ್ತಾಗದೆ ವಾಪಸ್ ಬಸ್ ಹತ್ತಿದೆ.

ಸಂಜೆ ಜಗಳೂರಿಗೆ ಫೋನ್ ಮಾಡಿದೆ. ಮೊದಲು ನನ್ನ ಸಾಲು ಹೇಳಿದೆ, ಎಣಿಸು ಎಂದೆ. ಅವಳು ಆ ಕಡೆ ಗುನುಗುತ್ತ ಎಣಿಸಿದಳು.

"ಹದಿಮೂರು ಬಂತಲ್ಲ ಮೇಡಂ. ನೀರು ಅನ್ನೋ ಕಡೆ ಒಂದು ಕಮ್ಮಿ. ಯಾರ್ದಿದು?"

"ನಂದು. ನಿನ್ನಷ್ಟು ಇದ್ದಾಗ ಕಟ್ಟಿದ್ದು. ಸರ್ ಹದಿನಾಲ್ಕು ಅಂದಿದ್ರು."

ಆ ಕಡೆ ಕೋಳಿಯೊಂದು ಕೂಗುತ್ತಿತ್ತು. ನಾನು ಇನ್ನೇನೂ ಹೇಳಬೇಕಾಗಲಿಲ್ಲ. ಅವಳು ತನ್ನದನ್ನು ತಾನೇ ಎಣಿಸಿಕೊಂಡಳು.

"ಹದಿನೈದು ಐತೆ" ಎಂದಳು. ಆಮೇಲೆ, "ನಮ್ಮಪ್ಪಗೆ ಹೇಳ್ಬ್ಯಾಡ್ರಿ."

"ನಾನ್ಯಾಕೆ ಹೇಳ್ಲಿ."

"ಸರ್ ಯಾಕ್ ಹಂಗೆ ಎಣಿಸಿದ್ರು ಮೇಡಂ?"

"ಗೊತ್ತಿಲ್ಲಮ್ಮ. ಕೇಳಿದೆ. ಅವರಿಗೂ ಗೊತ್ತಿಲ್ಲ."

ಫೋನ್ ಇಟ್ಟಳು. ಸಿಟ್ಟಾದಳೋ, ಅತ್ತಳೋ, ಕನ್ನಡವೇ ಬೇಡ ಎಂದುಕೊಂಡಳೋ. ಮಾರನೆಯ ದಿನ ಡಿ.ಟಿ.ಪಿ. ಅಂಗಡಿಯಲ್ಲಿ ಕೂತು, ಬೇರೆ ಸಾಲೊಂದನ್ನು ನಾನೇ ಕಟ್ಟೋಣ ಎಂದು ಒದ್ದಾಡುತ್ತಿದ್ದಾಗ ಅವಳ ವಾಯ್ಸ್ ಮೆಸೇಜ್ ಬಂತು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ. ಯಾವುದೋ ಡಬ್ಬದ ಮೇಲೆ ಬಡಿಯುತ್ತ ಹೇಳಿದ್ದಳು:

ಕೊಂಡು | ಕುರಿಗಳು | ಕಂಡು | ನಿಂತವು

"ಬರೋದು ಬಿಟ್ಟೆ ಮೇಡಂ. ನೋಡೋದು ಬೇಕಿತ್ತು, ಅದನ್ನ ಇಟ್ಟೆ. ಹದಿನಾಲ್ಕು ಐತೆ. ನೀವು ಎಣಿಸ್ಕಳ್ರಿ."

–U | UUUU | –U | –UU. ಎಣಿಸಿದೆ. ಬಡಿಯದೆ, ಅಕ್ಷರ ಹಿಡಿದು ಎಣಿಸಿದೆ. ಅಂಗಡಿಯವನಿಗೆ, "ಮೂರನೇ ಗಣಕ್ಕೆ ಎರಡು ಮನೆ" ಎಂದೆ.

ಹೊನ್ನಾಳಿಯ ಸಾಲು ಚಾರ್ಟಿನ ಕೆಳತುದಿಗೆ ಹೋಯಿತು. 'ಈ ಸಾಲಿನಲ್ಲಿ ಎಲ್ಲಿ ಕೊರತೆ ಇದೆ? ತುಂಬಿರಿ' ಎಂಬ ಪ್ರಶ್ನೆಯ ಜೊತೆ, ಮೇಲಿನ ಮನೆಗಳೆಲ್ಲ ಖಾಲಿ. ಅದರ ಕೆಳಗೆ, ಸಿದ್ಧಪಡಿಸಿದವರು ಎಂದು ನನ್ನ ಹೆಸರು. ಸಾಲು ಯಾರದು ಎಂದು ಹಾಕಲಿಲ್ಲ. ಹಾಕಬೇಕಿತ್ತೇನೋ.

ಈ ವರ್ಷದ ಮಕ್ಕಳಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ನೀರು ಎಂಬುದನ್ನು 'ನೀರದು' ಎಂದು ತಿದ್ದಿ, –UU ಹಾಕಿದ್ದಾರೆ. ಸರಿಯಾಗಿಯೇ ಇದೆ. ಆದರೆ ಕ್ಲಾಸಿನಲ್ಲಿ ಆ ಸಾಲನ್ನು ಮೊದಲಿದ್ದ ಹಾಗೇ ನಾನು ಮೇಜು ಬಡಿದು ಓದುವಾಗ, ನೀರು ಎಂಬಲ್ಲಿಗೆ ಬಂದರೆ ನನ್ನ ಬೆರಳು ಈಗಲೂ ನಾಲ್ಕು ಸಲವೇ ಬಡಿಯುತ್ತದೆ. ಮೊನ್ನೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ, "ಮೇಡಂ, ಒಂದು ಜಾಸ್ತಿ ಬಡಿದ್ರಿ" ಎಂದಳು.

"ಹೌದಾ?" ಎಂದು ಕೇಳಿದೆ.